ಮೆಷಿನ್ 98% ಅಂತು ಅಂದ್ರೆ ಉತ್ತರಪತ್ರಿಕೆ ಮತ್ತೆ ನೋಡ್ಬೇಕಾ?

ಪ್ರಶ್ನೆ: ಮಕ್ಕಳ ಉಕ್ತಲೇಖನದ ಹಾಳೆ ಸ್ಕ್ಯಾನ್ ಮಾಡಿ ಎಐ ಹತ್ರ ಓದ್ಸಿ ಮಾರ್ಕ್ಸ್ ಹಾಕ್ಸ್ತಿದೀನಿ. ಪ್ರತಿ ಪದದ ಪಕ್ಕ 98%, 71% ಅಂತೆಲ್ಲ ಬರುತ್ತೆ. ಯಾವ್ದನ್ನ ನಾನೇ ಕೂತು ನೋಡ್ಬೇಕು?

ಮೊದ್ಲು ಒಂದು ಕೇಸ್ ನೋಡಿ. ಮಗು ‘ವಿಧ್ಯಾರ್ಥಿ’ ಅಂತ ಬರ್ದಿದೆ, ದ ಹೊಟ್ಟೆ ಸೀಳಿಬಿಟ್ಟಿದೆ, ನಮ್ಮಲ್ಲಿ ದೊಡ್ಡೋರೇ ಮಾಡೋ ತಪ್ಪು ಬಿಡಿ. ಮೆಷಿನ್ ಏನ್ ಮಾಡುತ್ತೆ ಅಂದ್ರೆ, ಆ ಪದ ಸರಿಯಾಗಿ ‘ವಿದ್ಯಾರ್ಥಿ’ ಅಂತ ಸಾವಿರಾರು ಸಲ ನೋಡಿರೋದ್ರಿಂದ ಆ ಪುಟ್ಟ ಗೆರೆನ ನುಂಗಿಹಾಕಿ ‘ವಿದ್ಯಾರ್ಥಿ, 98%’ ಅಂತ ಕೊಟ್ಟು ಫುಲ್ ಮಾರ್ಕ್ಸೂ ಹಾಕುತ್ತೆ. ಇಲ್ಲಿ 98 ಅನ್ನೋದು ಇಂಕ್ ಎಷ್ಟು ಸ್ಪಷ್ಟ ಅನ್ನೋದಲ್ಲ, ಆ ಪದ ಎಷ್ಟು ಪರಿಚಯ ಅನ್ನೋದು. ನೀವು ಸರಿ ಉತ್ತರದ ಪಟ್ಟಿನೂ ಮೊದ್ಲೇ ಕೊಟ್ಟಿದ್ರೆ ಇನ್ನೂ ಕೆಟ್ಟದು, ಅದ್ಕೆ ಬೇಕಾಗಿದ್ದೇ ಕಾಣ್ಸೋಕೆ ಶುರುವಾಗುತ್ತೆ.

ಅದ್ಕೆ ಪಟ್ಟಿ ಕೊಡ್ಬೇಡಿ, ಮೊದ್ಲು ಬರೀ ಓದ್ಸಿ, ಅದೂ ಅಕ್ಷರ ಅಕ್ಷರವಾಗಿ, ಮಾರ್ಕ್ಸ್ ಆಮೇಲೆ. ಪರ್ಸೆಂಟ್ ಬದಲು ‘ಸ್ಪಷ್ಟ’, ‘ಡೌಟು’, ‘ಓದೋಕಾಗಲ್ಲ’ ಅಂತ ಮೂರೇ ಹೇಳೋಕೆ ಹೇಳಿ, ಡೌಟು ಅಂದಲ್ಲೆಲ್ಲ ಎರಡನೇ ಓದು ಏನಿರ್ಬಹುದು ಅಂತನೂ ಬರೀಲಿ. ಈಗ ರೂಲು ಸಿಂಪಲ್: ಎರಡನೇ ಓದು ತಗೊಂಡ್ರೆ ಮಾರ್ಕ್ಸ್ ಬದಲಾಗುತ್ತಾ? ಬದಲಾಗೋದಾದ್ರೆ ಅದು ನಿಮ್ಮ ಟೇಬಲ್ಲಿಗೆ ಬರ್ಬೇಕು. ಎರಡು ರೀತಿ ಓದಿದ್ರೂ ತಪ್ಪೇ ಆಗೋದಾದ್ರೆ ಸುಮ್ನೆ ಬಿಡಿ. ದ-ಧ, ಬ-ಭ, ಪ-ಫ, ಡ-ಢ ಇರೋ ಪದ ಮಾತ್ರ ಮೆಷಿನ್ ಎಷ್ಟೇ ಸ್ಪಷ್ಟ ಅಂದ್ರೂ ಫ್ಲ್ಯಾಗ್ ಆಗ್ಲಿ, ಯಾಕಂದ್ರೆ ಅಲ್ಲಿ ಇಡೀ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳಲ್ಲಿದೆ, ಹಾಳೆ ಹಿಂದಿನ ಇಂಕು ಈಚೆ ಕಂಡ್ರೂ ಸೀಳು ಅನ್ಸುತ್ತೆ.

ನೋಡುವಾಗ ಮೆಷಿನ್ ಏನ್ ಓದ್ತು ಅನ್ನೋದನ್ನ ಮುಚ್ಚಿಟ್ಟು ಬರೀ ಚಿತ್ರ ನೋಡಿ, ನೀವೇ ಓದಿ, ಆಮೇಲೆ ಹೋಲ್ಸಿ. ಇಲ್ಲಾಂದ್ರೆ ಸಂಜೆ ಹೊತ್ತಿಗೆ ಎಲ್ಲದಕ್ಕೂ ಹೂಂ ಅಂತ ಟಿಕ್ ಹಾಕ್ತೀರ (ನಾನೂ ಹಾಕಿದೀನಿ).

‘ಸ್ಪಷ್ಟ’ ಅಂದಿದ್ದನ್ನ ಪೂರ್ತಿ ನಂಬ್ಬೇಡಿ. 40 ಮಕ್ಕಳು, 10 ಪದ, ಒಟ್ಟು 400. ಅದ್ರಲ್ಲಿ 340 ಸ್ಪಷ್ಟ ಅಂತು ಅಂದ್ಕೊಳ್ಳಿ. ಕಣ್ಮುಚ್ಚಿ 30 ಎತ್ತಿ ಚೆಕ್ ಮಾಡಿ. 2 ತಪ್ಪು ಸಿಕ್ರೆ ಉಳಿದದ್ರಲ್ಲೂ ಹತ್ರಹತ್ರ 20 ತಪ್ಪಿರೋ ಲೆಕ್ಕ, ಆಗ ಫ್ಲ್ಯಾಗ್ ರೂಲು ಬಿಗಿ ಮಾಡ್ಬೇಕು. ಒಂದೂ ಸಿಗ್ಲಿಲ್ಲ ಅಂದ್ರೆ ಖುಷಿ, ಆದ್ರೆ 30ರಲ್ಲಿ ಸೊನ್ನೆ ಅಂದ್ರೂ ನೂರಕ್ಕೆ 10ರವರೆಗೆ ತಪ್ಪು ಅಡಗಿರೋ ಸಾಧ್ಯತೆನ ಅಷ್ಟರಲ್ಲೇ ತಳ್ಳಿಹಾಕೋಕಾಗಲ್ಲ, ಹಾಗಾಗಿ ಮುಂದಿನ ಟೆಸ್ಟಲ್ಲೂ ಇನ್ನೊಂದು 30 ಎತ್ತಿ.