ಕೆಳಗೆ ಟಿವಿ ಹಚ್ಚಿದರೆ ಮಾಳಿಗೆಯ ವೈಫೈ ಏಕೆ ನಿಲ್ಲುತ್ತದೆ?

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅಣ್ಣನ ಮನೆಯಲ್ಲಿ ಫೈಬರ್ ಸಂಪರ್ಕದ ಜೊತೆಗೇ ಟಿವಿ ಚಾನೆಲ್‌ಗಳೂ ಬರುತ್ತವೆ. ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯಿಂದ ಹೊರಟ ತಂತಿ ಮೆಟ್ಟಿಲ ಕೆಳಗಿನ ಅಗ್ಗದ ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚಿಗೆ ಸೇರುತ್ತದೆ. ಅಲ್ಲಿಂದ ಒಂದು ತಂತಿ ಸೆಟ್‌ಟಾಪ್ ಬಾಕ್ಸಿಗೆ, ಇನ್ನೊಂದು ಮಾಳಿಗೆಯ ವೈಫೈ ಪೆಟ್ಟಿಗೆಗೆ ಹೋಗುತ್ತದೆ. "ಕಾಕಾ, ಅಜ್ಜ ಟಿವಿ ಹಚ್ಚಿದ ಕೂಡ್ಲೇ ಮ್ಯಾಲ ನೆಟ್ ನಿಂತಬಿಡತೈತಿ" ಎಂದು ಅಣ್ಣನ ಮಗಳು ಹೇಳಿದಾಗ ಮನೆಯವರು ನಕ್ಕಿದ್ದರು. ಆದರೆ ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಟಿವಿ ಹಚ್ಚಿದೊಡನೆ ಸ್ವಿಚ್ಚಿನ ಎಲ್ಲ ದೀಪಗಳೂ, ಯಾರೂ ಬಳಸದ ಕಂಪ್ಯೂಟರಿನ ಪೋರ್ಟಿನದೂ ಸೇರಿ, ಒಂದೇ ಲಯದಲ್ಲಿ ಮಿನುಗತೊಡಗುತ್ತಿದ್ದವು; ಟಿವಿ ಆರಿಸಿದರೆ ಶಾಂತವಾಗುತ್ತಿದ್ದವು.

ಇದರ ಬೇರು 1989ರಲ್ಲಿದೆ. ಒಂದೇ ದತ್ತಾಂಶವನ್ನು ನೂರು ಜನ ಕೇಳಿದರೆ ನೂರು ಪ್ರತಿ ಕಳಿಸದೆ ಒಂದನ್ನೇ ಕಳಿಸಿ, ಕೇಳಿದವರಿಗೆಲ್ಲ ತಲುಪಿಸುವ ಮಲ್ಟಿಕಾಸ್ಟ್ ಪದ್ಧತಿಯನ್ನು ಸ್ಟೀವ್ ಡೀರಿಂಗ್ ಅವರು ಆ ವರ್ಷ ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳಲ್ಲೊಂದಾದ ಆರ್‌ಎಫ್‌ಸಿ 1112ರಲ್ಲಿ ವಿವರಿಸಿದರು. ಇಂಥ ಗುಂಪಿನ ಪ್ರಸಾರ ನನಗೆ ಬೇಕು ಎಂದು ಯಂತ್ರವೊಂದು ರೂಟರಿಗೆ ತಿಳಿಸುವ ಭಾಷೆಯೇ ಐಜಿಎಂಪಿ. 1997ರ ಎರಡನೆಯ ಆವೃತ್ತಿಯಲ್ಲಿ ಇನ್ನು ಸಾಕು ಎಂದು ಹೇಳುವ ಸಂದೇಶವೂ ಸೇರಿತು. ಈ ಮಾತುಕತೆ ನಡೆಯುವುದು ಬಾಕ್ಸ್ ಮತ್ತು ಓಎನ್‌ಟಿ ಕಡೆಯ ರೂಟರ್ ನಡುವೆ. ಮಧ್ಯದ ಅಗ್ಗದ ಸ್ವಿಚ್ಚಿಗೆ ಅದರ ಅರ್ಥವೇ ತಿಳಿಯದು. ಯಾವ ಪೋರ್ಟಿಗೆ ಬೇಕೆಂದು ತಿಳಿಯದಾಗ ಎಲ್ಲ ಪೋರ್ಟುಗಳಿಗೂ ಸುರಿಯುವುದು ಅದರ ಹುಟ್ಟುಗುಣ.

ತಂತಿಯಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ, ಏಕೆಂದರೆ ಸೆಕೆಂಡಿಗೆ 1000 ಮೆಗಾಬಿಟ್ ಹರಿಯುವಲ್ಲಿ ಎಂಟು ಮೆಗಾಬಿಟ್‌ನ ಎಚ್‌ಡಿ ಚಾನೆಲ್ ಲೆಕ್ಕಕ್ಕೇ ಬರುವುದಿಲ್ಲ. ವೈಫೈನ ಕಥೆ ಬೇರೆ. ಅಲ್ಲಿ ಒಬ್ಬರಿಗೆ ಕಳಿಸಿದ ಪ್ಯಾಕೆಟ್ಟಿಗೆ 'ಮುಟ್ಟಿತು' ಎಂಬ ಉತ್ತರ ಬರುತ್ತದೆ, ಬಾರದಿದ್ದರೆ ಮತ್ತೆ ಕಳಿಸಲಾಗುತ್ತದೆ. ಗುಂಪಿಗೆ ಕಳಿಸಿದ್ದಕ್ಕೆ ಯಾರೂ ಉತ್ತರಿಸುವುದಿಲ್ಲವಾದ್ದರಿಂದ, ದೂರದಲ್ಲಿರುವ ಬಡ ಫೋನಿಗೂ ಕೇಳಲಿ ಎಂದು ವೈಫೈ ಪೆಟ್ಟಿಗೆ ಅದನ್ನು ಸಾಮಾನ್ಯವಾಗಿ ಅತ್ಯಂತ ನಿಧಾನದ ವೇಗದಲ್ಲಿ ಕೂಗಿ ಹೇಳುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಆ ವೇಗ ಬಹುಪಾಲು ಸೆಕೆಂಡಿಗೆ 6 ಮೆಗಾಬಿಟ್ ಮಾತ್ರ. ಎಂಟು ಮೆಗಾಬಿಟ್‌ನ ಚಾನೆಲ್ ಎಂದರೆ ಸೆಕೆಂಡಿಗೆ ಸುಮಾರು 760 ಪ್ಯಾಕೆಟ್. ಒಂದೊಂದಕ್ಕೂ ಗಾಳಿಯಲ್ಲಿ ಹೆಚ್ಚುಕಡಿಮೆ 1.8 ಮಿಲಿಸೆಕೆಂಡ್ ಹೊತ್ತು ಬೇಕು. ಗುಣಿಸಿದರೆ ಒಂದು ಸೆಕೆಂಡಿನ ಪ್ರಸಾರಕ್ಕೆ ಸುಮಾರು 1.4 ಸೆಕೆಂಡ್ ಬೇಕಾಗುತ್ತದೆ, ಅಂದರೆ ಉಳಿದವರಿಗೆ ಬಾಯಿ ತೆರೆಯಲೂ ಜಾಗವಿಲ್ಲ. ಇಷ್ಟಾಗಿಯೂ ಬಾಕ್ಸ್ ತಂತಿಯಲ್ಲಿರುವುದರಿಂದ ಟಿವಿ ಚಿತ್ರ ಸ್ವಚ್ಛವಾಗಿರುತ್ತದೆ, ಅಪವಾದವೆಲ್ಲ ವೈಫೈ ಮೇಲೆ ಬೀಳುತ್ತದೆ. ಸೇವೆಯನ್ನು ಜೋಡಿಸಿ ಕೊಡುವವರು ಟಿವಿ ಬಂದೊಡನೆ ಕೆಲಸ ಮುಗಿಯಿತೆಂದು ಹೊರಡುವ ಪದ್ಧತಿಯೂ ಇದಕ್ಕೆ ಪೂರಕವಾಗಿದೆ.

ಇದಕ್ಕೆ ಮದ್ದು ಐಜಿಎಂಪಿ ಸ್ನೂಪಿಂಗ್ ಬಲ್ಲ ಸ್ವಿಚ್. ಸ್ನೂಪಿಂಗ್ ಎಂದರೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವುದು. ಅಂಥ ಸ್ವಿಚ್ ಐಜಿಎಂಪಿ ಮಾತನ್ನು ಕದ್ದು ಕೇಳಿ, ಯಾವ ಪೋರ್ಟಿನಿಂದ ಕೋರಿಕೆ ಬಂತೋ ಆ ಪೋರ್ಟನ್ನು ಪಟ್ಟಿಯಲ್ಲಿ ಬರೆದುಕೊಂಡು ಅದಕ್ಕಷ್ಟೇ ಪ್ರಸಾರವನ್ನು ಬಿಡುತ್ತದೆ. ವರ್ಷಗಳ ಕಾಲ ತಯಾರಕರು ತಮಗೆ ತೋಚಿದಂತೆ ಮಾಡಿಕೊಂಡು ಬಂದ ಈ ಉಪಾಯಕ್ಕೆ 2006ರ ಆರ್‌ಎಫ್‌ಸಿ 4541 ಒಂದಿಷ್ಟು ಶಿಸ್ತು ತಂದಿತಾದರೂ ಅದು ಸಲಹೆಯ ರೂಪದ ದಾಖಲೆಯೇ ಹೊರತು ಕಡ್ಡಾಯದ ನಿಯಮವಲ್ಲ.

ಅಣ್ಣನ ಮನೆಗೆ ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್ ತಂದು `IGMP Snooping` ಆನ್ ಮಾಡಿದೆವು. ದೀಪಗಳು ಶಾಂತವಾದವು, ಮಾಳಿಗೆಯಲ್ಲಿ ಅಣ್ಣನ ಮಗಳ ಆನ್‌ಲೈನ್ ಪಾಠ ಸರಾಗವಾಗಿ ನಡೆಯಿತು. ಆದರೆ ನಾಲ್ಕು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಟಿವಿ ಚಿತ್ರ ಕಲ್ಲಾಯಿತು. ಚಾನೆಲ್ ಬದಲಿಸಿದರೆ ಬಂತು, ಮತ್ತೆ ಅಷ್ಟೇ ಹೊತ್ತಿಗೆ ನಿಂತಿತು. ಆ ಹೊತ್ತೇ ಕಾರಣವನ್ನು ಹೇಳುತ್ತದೆ. ಸ್ವಿಚ್ಚಿನ ಪಟ್ಟಿಯ ಆಯುಷ್ಯ ಸಾಮಾನ್ಯವಾಗಿ 260 ಸೆಕೆಂಡ್. ಯಾರಾದರೂ 125 ಸೆಕೆಂಡಿಗೊಮ್ಮೆ 'ಇನ್ನೂ ಯಾರಿಗೆ ಬೇಕು?' ಎಂದು ಕೇಳುತ್ತಿದ್ದರೆ ಮಾತ್ರ ಬಾಕ್ಸ್ ಉತ್ತರಿಸಿ ಹೆಸರನ್ನು ಉಳಿಸಿಕೊಳ್ಳುತ್ತದೆ. ಅಲ್ಲಿ ಓಎನ್‌ಟಿ ಮನೆಯ ಕಡೆಗೆ ಈ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ. ಸ್ವಿಚ್ಚಿನಲ್ಲೇ `IGMP Querier` ಆನ್ ಮಾಡಿ, ಓಎನ್‌ಟಿ ಕಡೆಯ ಪೋರ್ಟನ್ನು ರೂಟರ್ ಪೋರ್ಟ್ ಎಂದು ಗುರುತಿಸಿದ ಮೇಲೆ ಚಿತ್ರ ನಿಲ್ಲಲಿಲ್ಲ.

ಸೆಟ್‌ಟಾಪ್ ಬಾಕ್ಸೇ ವೈಫೈನಲ್ಲಿದ್ದರೆ ಸ್ವಿಚ್ಚಿನ ಸ್ನೂಪಿಂಗ್ ಸಾಲದು, ಏಕೆಂದರೆ ಆಗ ಪ್ರಸಾರ ಕೋರಿಕೆಯ ಮೇರೆಗೇ ಗಾಳಿಗೆ ಇಳಿಯುತ್ತದೆ. ಅಂಥಲ್ಲಿ ಗುಂಪಿನ ಪ್ಯಾಕೆಟ್ಟನ್ನು ಆ ಒಂದು ಬಾಕ್ಸಿನ ವಿಳಾಸಕ್ಕೆ ಬದಲಿಸಿ ಪೂರ್ಣ ವೇಗದಲ್ಲಿ ಕಳಿಸುವ ಸೌಲಭ್ಯ ವೈಫೈ ಪೆಟ್ಟಿಗೆಯಲ್ಲೇ ಇರಬೇಕು. ಅದಿಲ್ಲದ ಮನೆಯಲ್ಲಿ ಬಾಕ್ಸಿಗೊಂದು ತಂತಿ ಎಳೆಯುವುದೇ ಅಗ್ಗ.