ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್: 44 ಮತ್ತು 23ರ ಲೆಕ್ಕ

ಬೇರೆಯವರು ಏನಾದರೂ ಮಾಡಿದರೆ ‘ಅವರ ಗುಣವೇ ಅಂಥದ್ದು’ ಅಂದುಬಿಡುತ್ತೇವೆ. ಸಂದರ್ಭಕ್ಕೆ ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. 1977ರಲ್ಲಿ ಮನಶ್ಶಾಸ್ತ್ರಜ್ಞ ಲೀ ರಾಸ್ ಇದಕ್ಕೆ ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಅಂತ ಹೆಸರಿಟ್ಟರು. ವ್ಯಾಖ್ಯೆ ಸುಲಭ. ಎಡವಿಸುವುದು ಜೋನ್ಸ್ ಮತ್ತು ಹ್ಯಾರಿಸ್ 1967ರಲ್ಲಿ ಪ್ರಕಟಿಸಿದ ಪ್ರಯೋಗ.

ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರ ಅಥವಾ ವಿರುದ್ಧ ಬರೆದ ಒಂದು ಪ್ರಬಂಧವನ್ನು ಓದಲು ಕೊಟ್ಟು, ಬರೆದವನ ನಿಜವಾದ ನಿಲುವು ಏನಿರಬಹುದು ಅಂತ ಕೇಳಿದರು. ಅಂಕ 10ರಿಂದ 70. ಜಾಸ್ತಿ ಅಂದರೆ ಪರ. ಬರೆದವನೇ ಪಕ್ಷ ಆರಿಸಿಕೊಂಡಿದ್ದ ಅಂತ ಹೇಳಿದಾಗ ಪರ ಪ್ರಬಂಧಕ್ಕೆ ಸರಾಸರಿ 59.6, ವಿರುದ್ಧದ್ದಕ್ಕೆ 17.4 ಬಂತು. ಸರಿಯೇ ಇದೆ. ಯಾವ ಪಕ್ಷ ಬರೆಯಬೇಕು ಅಂತ ಬೇರೆಯವರು ಗೊತ್ತುಮಾಡಿದ್ದರು ಅಂದಾಗ 44.1 ಮತ್ತು 22.9 ಬಂತು.

ಇಲ್ಲಿ ನಿಧಾನವಾಗಿ ನೋಡಿ. ಹೇಳಿ ಬರೆಸಿದ ಪ್ರಬಂಧದಿಂದ ಬರೆದವನ ಮನಸ್ಸು ಗೊತ್ತಾಗುವುದಿಲ್ಲ, ಅಲ್ವಾ? ಹಾಗಾದರೆ ಎರಡೂ ಅಂಕ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಎಷ್ಟು ಅನ್ನುವುದು ಮುಖ್ಯ ಅಲ್ಲ, ಅಂತರ ಸೊನ್ನೆಗೆ ಬರಬೇಕಿತ್ತು. ಬಂದಿದ್ದು 21. ಆಯ್ಕೆ ಇದ್ದಾಗ ಅಂತರ 42 ಇತ್ತು. ಅಂದರೆ ಓದಿದವರು ಸಂದರ್ಭವನ್ನು ಮರೆತಿರಲಿಲ್ಲ, ಅರ್ಧ ಕಳೆದು ಅಲ್ಲೇ ನಿಂತರು. ಪ್ರಶ್ನೆಪತ್ರಿಕೆಯಲ್ಲಿ ‘ಸಂದರ್ಭವನ್ನು ಪೂರ್ತಿ ಕಡೆಗಣಿಸುತ್ತಾರೆ’ ಅಂತ ಆಯ್ಕೆ ಕೊಟ್ಟಿದ್ದರೆ ಅದನ್ನು ಬಿಡಿ.

ಈಗ ದಾವಣಗೆರೆಯ ಒಂದು ಮಂಡಿ. ಮೆಕ್ಕೆಜೋಳದ ಸೀಸನ್ನು, ಹೊರಗೆ ಟ್ರ್ಯಾಕ್ಟರ್ ಸಾಲು. ತೂಕದ ಚೀಟಿ ಕೇಳಿದ್ದಕ್ಕೆ ಲೆಕ್ಕ ಬರೆಯುವ ಅಣ್ಣ, ‘ಸ್ವಲ್ಪ ತಡಕೊಳ್ಳಯ್ಯ!’ ಅಂತ ರೇಗಿದ. ಹೊಸದಾಗಿ ಸೇರಿದ ಹುಡುಗ, ಇವನು ಸಿಡುಕ ಅಂತ ತೀರ್ಮಾನಿಸಿದ. ಕಾರಣ ಗುಣವೋ ಸಂದರ್ಭವೋ ಅಂತ ತಿಳಿಯಲು ಮನಶ್ಶಾಸ್ತ್ರಜ್ಞ ಹೆರಾಲ್ಡ್ ಕೆಲ್ಲಿ ಹೇಳಿದ ಮೂರು ಪ್ರಶ್ನೆ ಹಾಕೋಣ. ಆ ಹೊತ್ತಿನಲ್ಲಿ ಉಳಿದ ಗುಮಾಸ್ತರೂ ರೇಗುತ್ತಾರಾ? ಹೌದು. ಇವನು ಟೀ ಅಂಗಡಿಯಲ್ಲೂ ಮನೆಯಲ್ಲೂ ಹೀಗೇನಾ? ಇಲ್ಲ. ಸೀಸನ್ನಿನಲ್ಲಿ ಚೀಟಿ ಕೇಳಿದಾಗೆಲ್ಲ ಹೀಗೇನಾ? ಹೌದು. ಹಾಗಾದರೆ ಕಾರಣ ಚೀಟಿ ಕೊಡುವ ಆ ಕಿಟಕಿಯ ಒತ್ತಡ. ಉಳಿದವರು ಸಮಾಧಾನವಾಗಿದ್ದು, ಇವನೊಬ್ಬ ಎಲ್ಲಿ ಹೋದರೂ ರೇಗುತ್ತಿದ್ದರೆ ಸಿಡುಕ ಅನ್ನುವುದೇ ಸರಿ. ಗುಣವನ್ನು ಕಾರಣ ಮಾಡಿದ ಮಾತ್ರಕ್ಕೆ ಅದು ಎರರ್ ಆಗುವುದಿಲ್ಲ.

ನಾವು ಸಾಮಾನ್ಯವಾಗಿ ಹಾರಿಸಿಬಿಡುವುದು ಮೊದಲ ಪ್ರಶ್ನೆಯನ್ನು. ಗೃಹಪ್ರವೇಶಕ್ಕೆ ಬಂದ ಚಿಕ್ಕಮ್ಮ ಊಟ ಮಾಡದೆ ಹೊರಟರೆ ‘ಸೊಕ್ಕು’ ಅಂತೀವಿ. ಜಗಳೂರಿನ ಕೊನೆ ಬಸ್ಸಿಗೆ ಓಡಿದ ಉಳಿದ ನೆಂಟರೂ ಉಂಡಿರಲಿಲ್ಲ ಅನ್ನುವುದನ್ನು ಯಾರೂ ವಿಚಾರಿಸಲ್ಲ.

ಇದು ಎಲ್ಲ ಕಡೆ ಒಂದೇ ಥರ ಇಲ್ಲ. ಜೋನ್ ಮಿಲ್ಲರ್ 1984ರಲ್ಲಿ ಅಮೆರಿಕದವರನ್ನೂ ನಮ್ಮ ಮೈಸೂರಿನವರನ್ನೂ ಹೋಲಿಸಿದರು. ಚಿಕ್ಕ ಮಕ್ಕಳಲ್ಲಿ ವ್ಯತ್ಯಾಸ ಅಷ್ಟಿರಲಿಲ್ಲ. ದೊಡ್ಡವರಲ್ಲಿ ಅಮೆರಿಕದವರು ಗುಣವನ್ನು ಜಾಸ್ತಿ ಹೇಳಿದರು, ಮೈಸೂರಿನವರು ಸಂದರ್ಭವನ್ನು. ಹೆಸರಿನಲ್ಲಿ ‘ಫಂಡಮೆಂಟಲ್’ ಇರುವುದರ ಬಗ್ಗೆ ತಕರಾರು ಎತ್ತುವವರು ಮುಂದಿಡುವ ಸಾಕ್ಷಿಗಳಲ್ಲಿ ಇದೂ ಒಂದು.