ಬಿಸಿಆರ್-ಏಬಲ್: ಒಂದೇ ಪ್ರೋಟೀನಿಗೆ ಜೋತುಬಿದ್ದ ರಕ್ತದ ಕ್ಯಾನ್ಸರ್

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಆಸ್ಪತ್ರೆಗಳಲ್ಲಿ ಎಲ್ಲರೂ ಹೇಳುವಂತೆ ಸಿಎಂಎಲ್, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಎಷ್ಟು ನಿಧಾನ ಅಂದರೆ ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿರುತ್ತಾರೆ. ಬಿಳಿ ರಕ್ತಕಣಗಳು 11,000ದ ಒಳಗೆ ಇರಬೇಕಾದ ಕಡೆ ಒಂದೂವರೆ ಲಕ್ಷ ಇರುತ್ತವೆ. ವಿಚಾರಿಸಿದರೆ ಸ್ವಲ್ಪ ಸುಸ್ತು, ಎಡ ಪಕ್ಕೆಯ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಅನ್ನುತ್ತಾರೆ. ಆ ಭಾರ ಊದಿಕೊಂಡ ಗುಲ್ಮದ್ದು.

ಈ ಕಾಯಿಲೆಗೆ ಇವತ್ತು ದಿನಕ್ಕೊಂದು ಮಾತ್ರೆ ಸಾಕಾಗುತ್ತದೆ. ಹೆಚ್ಚಿನವರು ವರ್ಷಗಟ್ಟಲೆ ಕೆಲಸಕ್ಕೆ ಹೋಗಿಕೊಂಡು ಆರಾಮಾಗಿರುತ್ತಾರೆ. ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಹೀಗಾಗುವುದಿಲ್ಲ. ಇಲ್ಲಿ ಯಾಕೆ ಆಗುತ್ತದೆ ಅಂತ ತಿಳಿಯಬೇಕಾದರೆ ಬಿಸಿಆರ್-ಏಬಲ್ ಅನ್ನುವ ಪ್ರೋಟೀನಿನ ಒಳಗೆ ಹೋಗಬೇಕು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಸಿಎಂಎಲ್ ರೋಗಿಗಳ ಜೀವಕೋಶಗಳಲ್ಲಿ ಮಾಮೂಲಿಗಿಂತ ಚಿಕ್ಕದಾದ ಒಂದು ಕ್ರೋಮೋಸೋಮ್ ಕಂಡರು. ಅದಕ್ಕೆ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂದೇ ಹೆಸರಾಯಿತು. ಕಾಣೆಯಾದ ತುಂಡು ಎಲ್ಲಿಗೆ ಹೋಯಿತು ಅಂತ 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. 9ನೇ ಮತ್ತು 22ನೇ ಕ್ರೋಮೋಸೋಮ್‌ಗಳೆರಡೂ ಮುರಿದು, ತುದಿಗಳನ್ನು ಅದಲು ಬದಲು ಮಾಡಿಕೊಂಡಿದ್ದವು. 9ನೆಯದರಲ್ಲಿದ್ದ ಏಬಲ್ ಜೀನ್ 22ನೆಯದಕ್ಕೆ ಬಂದು, ಅಲ್ಲಿನ ಬಿಸಿಆರ್ ಜೀನಿನ ಬೆನ್ನಿಗೆ ಅಂಟಿಕೊಂಡಿತ್ತು. ಇದು ತಿಳಿದದ್ದು 1980ರ ದಶಕದಲ್ಲಿ. ಎರಡು ಜೀನ್‌ಗಳು ಸೇರಿ ಒಂದಾದ್ದರಿಂದ ಅದರಿಂದ ಹುಟ್ಟುವ ಪ್ರೋಟೀನೂ ಎರಡರ ಬೆರಕೆ.

ಈ ಅದಲು ಬದಲು ಮೂಳೆಮಜ್ಜೆಯ ಒಂದೇ ಒಂದು ಕಾಂಡಕೋಶದಲ್ಲಿ ಆಗುತ್ತದೆ. ಆಮೇಲಿನದೆಲ್ಲ ಆ ಒಂದರ ಸಂತಾನ. ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ರೋಗಿಗಳ ಮನೆಯವರು ಮೊದಲು ಕೇಳುವ ಪ್ರಶ್ನೆ ಇದೇ ಆದ್ದರಿಂದ ಇಲ್ಲೇ ಹೇಳಿಬಿಟ್ಟೆ.

ಈಗ ಏಬಲ್ ವಿಷಯ. ಇದು ಎಲ್ಲರ ಜೀವಕೋಶಗಳಲ್ಲೂ ಇರುವ ಒಂದು ಕೈನೇಸ್. ಕೈನೇಸ್ ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುವ ಕಿಣ್ವ. ಏಬಲ್ ಅಂಟಿಸುವುದು ಆ ಪ್ರೋಟೀನಿನ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ, ಹಾಗಾಗಿ ಟೈರೋಸಿನ್ ಕೈನೇಸ್. ಫಾಸ್ಫೇಟ್ ಬಿದ್ದ ಪ್ರೋಟೀನು ಎಚ್ಚರಗೊಂಡು ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ: ವಿಭಜನೆಯಾಗು, ಸಾಯಬೇಡ, ಹೀಗೆ.

ಇಂಥ ಕಿಣ್ವ ಸದಾ ಕೆಲಸ ಮಾಡುತ್ತಿದ್ದರೆ ಅಪಾಯ. ಅದಕ್ಕೇ ಏಬಲ್ ತನ್ನನ್ನು ತಾನೇ ತಡೆದುಕೊಳ್ಳುವ ವ್ಯವಸ್ಥೆ ಇಟ್ಟುಕೊಂಡಿದೆ. ಅದರ ಮುಂತುದಿಯಲ್ಲಿ ಮಿರಿಸ್ಟಾಯ್ಲ್ ಎಂಬ ಸಣ್ಣ ಕೊಬ್ಬಿನ ಬಾಲ ಇರುತ್ತದೆ. ಆ ಬಾಲ ಹಿಂದಕ್ಕೆ ಬಾಗಿ ಕೈನೇಸ್ ಭಾಗದ ಒಂದು ಗುಳಿಯಲ್ಲಿ ಕೂರುತ್ತದೆ. ಕೂತಿರುವಷ್ಟು ಹೊತ್ತು ಕಿಣ್ವ ಸುಮ್ಮನಿರುತ್ತದೆ.

ಬಿಸಿಆರ್ ಬಂದು ಸೇರಿದಾಗ ಕತ್ತರಿಸಿ ಹೋಗುವುದು ಈ ಮುಂತುದಿಯೇ. ತಡೆ ಹೋಯಿತು. ಬರೀ ಅಷ್ಟೇ ಅಲ್ಲ. ಬಿಸಿಆರ್‌ನ ತುದಿಯಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುವ ಭಾಗವಿದೆ. ಅದರಿಂದ ಬೆರಕೆ ಪ್ರೋಟೀನುಗಳು ಗುಂಪುಗೂಡುತ್ತವೆ. ಗುಂಪಿನಲ್ಲಿ ಪರಸ್ಪರ ಫಾಸ್ಫೇಟ್ ಅಂಟಿಸಿಕೊಂಡು ಇನ್ನಷ್ಟು ಚುರುಕಾಗುತ್ತವೆ. ಹೊರಗಿನಿಂದ ಯಾವ ಸಂಕೇತವೂ ಬರದಿದ್ದರೂ ಒಳಗೆ ವಿಭಜನೆಯ ಆಜ್ಞೆ ನಿಲ್ಲುವುದೇ ಇಲ್ಲ.

ಇದೊಂದೇ ಕಾಯಿಲೆಗೆ ಸಾಕೇ? 1990ರಲ್ಲಿ ಇಲಿಗಳ ಮಜ್ಜೆಗೆ ಈ ಬೆರಕೆ ಜೀನನ್ನು ಸೇರಿಸಿ ನೋಡಿದರು. ಇಲಿಗಳಿಗೆ ಸಿಎಂಎಲ್‌ನಂಥದ್ದೇ ಕಾಯಿಲೆ ಬಂತು. ನನ್ನ ಲೆಕ್ಕದಲ್ಲಿ ಈ ಕಥೆಯ ನಡುಗಂಬ ಈ ಪ್ರಯೋಗ. ಬಹುಪಾಲು ಕ್ಯಾನ್ಸರ್‌ಗಳಲ್ಲಿ ಹತ್ತಾರು ಜೀನ್‌ಗಳು ಕೆಟ್ಟಿರುತ್ತವೆ, ಒಂದನ್ನು ತಡೆದರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಸಿಎಂಎಲ್‌ನ ಮೊದಲ ಹಂತದಲ್ಲಿ ಕೆಟ್ಟಿರುವುದು ಮುಖ್ಯವಾಗಿ ಇದೊಂದೇ. ಇಡೀ ಕಾಯಿಲೆ ಇದಕ್ಕೇ ಜೋತುಬಿದ್ದಿದೆ.

ಹಾಗಾದರೆ ಈ ಕಿಣ್ವವನ್ನು ನಿಲ್ಲಿಸಿದರೆ ಆಯಿತಲ್ವಾ? ಹೇಳಲು ಸುಲಭ. ನಮ್ಮ ದೇಹದಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ, ಎಲ್ಲವೂ ಬಳಸುವುದು ಅದೇ ಎಟಿಪಿ. ಎಟಿಪಿ ಕೂರುವ ಜಾಗಕ್ಕೆ ಅಡ್ಡ ಕೂರುವ ಔಷಧಿ ಎಲ್ಲವನ್ನೂ ಕೆಡಿಸಬಹುದು ಅನ್ನುವ ಭಯ ಆಗ ಬಹಳ ಜನಕ್ಕಿತ್ತು. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್, ಯುರ್ಗ್ ಝಿಮ್ಮರ್‌ಮನ್ ಮತ್ತು ಜೊತೆಯವರು ಒಂದು ಅಣುವನ್ನು ತಿದ್ದಿ ತಿದ್ದಿ ರೂಪಿಸಿದರು. ಅಮೆರಿಕದ ಆರೆಗಾನ್‌ನಲ್ಲಿ ಬ್ರಯನ್ ಡ್ರೂಕರ್ ಅದನ್ನು ಸಿಎಂಎಲ್ ಕೋಶಗಳ ಮೇಲೆ ಹಾಕಿ ನೋಡಿದರು. ಅದೇ ಇಮ್ಯಾಟಿನಿಬ್.

ಇಮ್ಯಾಟಿನಿಬ್ ಏಬಲ್‌ಗೆ ಹೇಗೆ ಅಂಟುತ್ತದೆ ಅನ್ನುವ ಚಿತ್ರ 2000ದಲ್ಲಿ ಸಿಕ್ಕಿತು, ಅದು ಸ್ವಾರಸ್ಯದ್ದು. ಕೈನೇಸ್ ಒಂದೇ ಆಕಾರದಲ್ಲಿ ಇರುವುದಿಲ್ಲ. ಕೆಲಸ ಮಾಡುವಾಗ ಒಂದು ಆಕಾರ, ಸುಮ್ಮನಿರುವಾಗ ಇನ್ನೊಂದು. ಕೆಲಸದ ಆಕಾರದಲ್ಲಿ ಎಲ್ಲ ಕೈನೇಸ್‌ಗಳೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಸುಮ್ಮನಿರುವ ಆಕಾರ ಮಾತ್ರ ಒಂದೊಂದರದು ಒಂದೊಂದು ಥರ. ಇಮ್ಯಾಟಿನಿಬ್ ಹೋಗಿ ಕೂರುವುದು ಈ ಸುಮ್ಮನಿರುವ ಆಕಾರದಲ್ಲಿ. ಮಡಚುವ ಚಾಕು ಮಡಚಿಕೊಂಡ ಗಳಿಗೆಯಲ್ಲಿ ಸಂದಿಗೆ ಒಂದು ಬೆಣೆ ತುರುಕಿದ ಹಾಗೆ: ಮತ್ತೆ ಬಿಚ್ಚಲಾಗದು. ಎಷ್ಟೇ ಚುರುಕಾದ ಬಿಸಿಆರ್-ಏಬಲ್ ಆದರೂ ಆಗಾಗ ಆ ಆಕಾರಕ್ಕೆ ಬಂದು ಹೋಗುತ್ತದೆ. ಬಂದಾಗ ಸಿಕ್ಕಿಬೀಳುತ್ತದೆ.

ಅದಕ್ಕೇ ಈ ಔಷಧಿ 500ರಲ್ಲಿ ಕೆಲವನ್ನಷ್ಟೇ ಮುಟ್ಟುತ್ತದೆ. ಏಬಲ್ ಬಿಟ್ಟರೆ ಕಿಟ್ ಮತ್ತು ಪಿಡಿಜಿಎಫ್ ಗ್ರಾಹಕ ಮುಖ್ಯವಾದವು. ಅಡ್ಡಪರಿಣಾಮವಾಗಿ ಕಣ್ಣಿನ ಸುತ್ತ ಊತ, ಸ್ನಾಯು ಹಿಡಿತ, ಕೆಲವರಲ್ಲಿ ಚರ್ಮದ ಬಣ್ಣ ತಿಳಿಯಾಗುವುದು ಕಂಡುಬರುತ್ತವೆ. ಬಣ್ಣದ ವಿಷಯಕ್ಕೆ ಕಾರಣ ಕಿಟ್, ಬಣ್ಣ ತಯಾರಿಸುವ ಕೋಶಗಳಿಗೆ ಅದು ಬೇಕು. ಆರೋಗ್ಯವಂತ ರಕ್ತಕೋಶಗಳೋ, ತಮ್ಮ ಏಬಲ್ ನಿಂತರೂ ಹೇಗೋ ಸುಧಾರಿಸಿಕೊಳ್ಳುತ್ತವೆ. ಅವು ಬದುಕಲು ಅದೊಂದನ್ನೇ ನಂಬಿಕೊಂಡಿಲ್ಲ. ಮಜ್ಜೆಯ ಮೂಲೆಯಲ್ಲಿ ಅದುಮಿಹೋಗಿದ್ದ ಒಳ್ಳೆಯ ಕಾಂಡಕೋಶಗಳು ಜಾಗ ಸಿಕ್ಕ ಕೂಡಲೇ ಮತ್ತೆ ರಕ್ತ ತಯಾರಿಸಲು ಶುರುಮಾಡುತ್ತವೆ.

1998ರಲ್ಲಿ ಜನರಲ್ಲಿ ಮೊದಲ ಪರೀಕ್ಷೆ ಶುರುವಾಯಿತು. ಅದುವರೆಗಿನ ಮುಖ್ಯ ಔಷಧಿ ಇಂಟರ್‌ಫೆರಾನ್ ಫಲ ಕೊಡದವರು ಇವರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲಿನ ದೊಡ್ಡ ಅಧ್ಯಯನದಲ್ಲಿ ಇಮ್ಯಾಟಿನಿಬ್‌ನಿಂದಲೇ ಚಿಕಿತ್ಸೆ ಶುರುಮಾಡಿದವರಲ್ಲಿ ಶೇ. 83ರಷ್ಟು ಜನ ಹತ್ತು ವರ್ಷದ ನಂತರವೂ ಬದುಕಿದ್ದರು.

ಎಣಿಕೆ ಸರಿಹೋದರೆ ಕಾಯಿಲೆ ಹೋಯಿತು ಎಂದಲ್ಲ. ನಿಜವಾದ ಲೆಕ್ಕ ಪಿಸಿಆರ್ ಪರೀಕ್ಷೆಯದು. ರಕ್ತದಲ್ಲಿ ಬೆರಕೆ ಜೀನಿನ ಆರ್‌ಎನ್‌ಎ ಎಷ್ಟಿದೆ ಅಂತ ಅದು ಅಳೆಯುತ್ತದೆ. ರಿಪೋರ್ಟಿನಲ್ಲಿ BCR-ABL1 ಮುಂದೆ ಶೇಕಡಾ ಸಂಖ್ಯೆ ಇರುತ್ತದೆ. ಮೂರು ತಿಂಗಳಿಗೆ 10ಕ್ಕಿಂತ ಕೆಳಗೆ, ಆರಕ್ಕೆ 1ರ ಹತ್ತಿರ, ವರ್ಷಕ್ಕೆ 0.1ಕ್ಕೆ ಇಳಿದರೆ ದಾರಿ ಸರಿ ಇದೆ ಎಂದರ್ಥ.

ಒಂದು ಕಲ್ಪಿತ ಉದಾಹರಣೆ ನೋಡೋಣ. 45 ವರ್ಷದವರೊಬ್ಬರು, ದಿನಕ್ಕೆ 400 ಮಿಲಿಗ್ರಾಂ ಇಮ್ಯಾಟಿನಿಬ್. ಮೂರು ತಿಂಗಳಿಗೆ ಶೇ. 6, ಆರಕ್ಕೆ 0.8, ವರ್ಷಕ್ಕೆ 0.07. ಎಲ್ಲ ಚೆನ್ನಾಗಿದೆ. ಎರಡನೇ ವರ್ಷದ ಕೊನೆಗೆ 0.9, ತಿಂಗಳು ಬಿಟ್ಟು ಮತ್ತೆ ನೋಡಿದರೆ 3. ಆರಾಮಾಗೇ ಇದ್ದಾರೆ, ಎಣಿಕೆಯೂ ಸರಿ ಇದೆ. ಆದರೂ ಔಷಧಿಯ ಹಿಡಿತ ಸಡಿಲವಾಗುತ್ತಿದೆ.

ವೈದ್ಯರು ಮೊದಲು ಕೇಳುವುದು ಮಾತ್ರೆ ತಪ್ಪಿಸುತ್ತಿದ್ದೀರಾ ಎಂದು. ಹಿಡಿತ ತಪ್ಪುವುದಕ್ಕೆ ತುಂಬ ಸಲ ಇದೇ ಕಾರಣ. ಎರಡನೆಯದು, ಜೊತೆಗೆ ಬೇರೇನು ತೆಗೆದುಕೊಳ್ಳುತ್ತಿದ್ದೀರಿ ಎಂದು. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇಂಥವು ಲಿವರ್ ಇಮ್ಯಾಟಿನಿಬ್ಬನ್ನು ಬೇಗ ಒಡೆದುಹಾಕುವಂತೆ ಮಾಡುತ್ತವೆ. ನಮ್ಮ ಉದಾಹರಣೆಯವರಲ್ಲಿ ಎರಡೂ ಇಲ್ಲ. ಆಗ ಬಿಸಿಆರ್-ಏಬಲ್ ಜೀನನ್ನೇ ಓದಿಸುತ್ತಾರೆ. ಉತ್ತರ T315I ಎಂದು ಬರುತ್ತದೆ.

ಅಂದರೆ ಏಬಲ್‌ನ 315ನೇ ಜಾಗದಲ್ಲಿದ್ದ ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಬದಲು ಐಸೊಲ್ಯೂಸಿನ್ ಬಂದಿದೆ. ಔಷಧಿ ಕೂರುವ ಸಂದಿಯ ಬಾಗಿಲಲ್ಲೇ ಇದೆ ಈ ಜಾಗ. ಇಮ್ಯಾಟಿನಿಬ್ ಆ ಥ್ರಿಯೋನಿನ್ ಜೊತೆ ಒಂದು ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತಿತ್ತು. ಹೊಸಬನ ಜೊತೆ ಆ ಬಂಧ ಆಗದು. ಮೇಲಾಗಿ ಅವನು ದಪ್ಪ, ದಾರಿಗೆ ಅಡ್ಡ. ಎಟಿಪಿಗೆ ಮಾತ್ರ ತೊಂದರೆಯಿಲ್ಲ, ಕಿಣ್ವ ಮತ್ತೆ ಓಡುತ್ತದೆ. ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಕಾಯಿಲೆ ವಾಪಸ್ ಬಂತು ಅಂದರೆ, ಔಷಧಿಯ ಗುಟ್ಟು ಈ ಒಂದು ಪ್ರೋಟೀನಿನಲ್ಲೇ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಂತರ ಬಂದ ಡಾಸಾಟಿನಿಬ್, ನಿಲೋಟಿನಿಬ್ ಬೇರೆ ಎಷ್ಟೋ ಬದಲಾವಣೆಗಳನ್ನು ಗೆಲ್ಲುತ್ತವೆ, ಇದನ್ನಲ್ಲ. ಪೊನಾಟಿನಿಬ್ ಗೆಲ್ಲುತ್ತದೆ, ಆದರೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಜಾಸ್ತಿ. ಇನ್ನೊಂದು ದಾರಿ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಸ್ಸಿಮಿನಿಬ್. ಇದು ಎಟಿಪಿಯ ಜಾಗದ ತಂಟೆಗೇ ಹೋಗುವುದಿಲ್ಲ. ಮಿರಿಸ್ಟಾಯ್ಲ್ ಬಾಲ ಕೂರುತ್ತಿದ್ದ ಗುಳಿ ಇತ್ತಲ್ಲ, ಬಾಲ ಕಳೆದುಹೋಗಿ ಖಾಲಿ ಬಿದ್ದಿದ್ದು, ಅಲ್ಲಿ ಹೋಗಿ ಕೂರುತ್ತದೆ. ಏಬಲ್ ಕಳೆದುಕೊಂಡ ತಡೆಯನ್ನೇ ವಾಪಸ್ ಕೊಟ್ಟಂತೆ. T315I ಇರುವವರಿಗೆ ಮಾತ್ರ ಪ್ರಮಾಣ ಬಹಳ ಜಾಸ್ತಿ ಬೇಕು: ಮಾಮೂಲಿ ದಿನಕ್ಕೆ 80 ಮಿಲಿಗ್ರಾಂ, ಇವರಿಗೆ 200ರಂತೆ ಎರಡು ಹೊತ್ತು.

ತಡವಾದರೆ ಈ ಯಾವ ಔಷಧಿಯೂ ಇಷ್ಟು ಚೆನ್ನಾಗಿ ಕೆಲಸ ಮಾಡದು. ಚಿಕಿತ್ಸೆ ಇಲ್ಲದೆ ಕೆಲವು ವರ್ಷ ಕಳೆದರೆ ಸಿಎಂಎಲ್ ಬ್ಲಾಸ್ಟ್ ಕ್ರೈಸಿಸ್ ಹಂತಕ್ಕೆ ತಿರುಗುತ್ತದೆ. ಬಲಿಯದ ಕೋಶಗಳು ತುಂಬಿಕೊಳ್ಳುತ್ತವೆ. ಅಷ್ಟರಲ್ಲಿ ಬೇರೆ ಜೀನ್‌ಗಳೂ ಕೆಟ್ಟಿರುತ್ತವೆ. ಕಾಯಿಲೆ ಈಗ ಒಂದೇ ಪ್ರೋಟೀನಿಗೆ ಜೋತುಬಿದ್ದಿಲ್ಲ. ಔಷಧಿ ಕೆಲಸ ಮಾಡಿದರೂ ಸಾಮಾನ್ಯವಾಗಿ ಕೆಲವು ತಿಂಗಳಷ್ಟೇ.

ಇನ್ನು, ಮಾತ್ರೆ ಎಂದಾದರೂ ನಿಲ್ಲಿಸಬಹುದೇ? ಸಿಎಂಎಲ್‌ನ ಮೂಲ ಕಾಂಡಕೋಶಗಳು ಹೆಚ್ಚಿನ ಸಮಯ ವಿಭಜನೆಯಾಗದೆ ತೆಪ್ಪಗಿರುತ್ತವೆ. ಬದುಕಿರಲು ಅವಕ್ಕೆ ಬಿಸಿಆರ್-ಏಬಲ್‌ನ ಕೆಲಸ ಅಷ್ಟಾಗಿ ಬೇಕಿಲ್ಲ. ಹಾಗಾಗಿ ಔಷಧಿ ಅವುಗಳ ಸಂತಾನವನ್ನು ಅಳಿಸುತ್ತದೆ, ಅವನ್ನು ಪೂರ್ತಿ ಮುಗಿಸುವುದಿಲ್ಲ. ಫ್ರಾನ್ಸ್‌ನಲ್ಲಿ, ಪಿಸಿಆರ್‌ಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಏನೂ ಸಿಗದೆ ಇದ್ದ 100 ಜನರ ಇಮ್ಯಾಟಿನಿಬ್ ನಿಲ್ಲಿಸಿ ನೋಡಿದರು. ಸುಮಾರು 60 ಜನರಲ್ಲಿ ಕಾಯಿಲೆ ಮತ್ತೆ ಕಾಣಿಸಿತು, ಹೆಚ್ಚಿನವರಲ್ಲಿ ಮೊದಲ ಆರೇಳು ತಿಂಗಳಲ್ಲೇ. ಮತ್ತೆ ಮಾತ್ರೆ ಶುರುಮಾಡಿದಾಗ ಅವರಲ್ಲಿ ಅದು ಪುನಃ ಹಿಡಿತಕ್ಕೆ ಬಂತು. ಉಳಿದವರ ಸಂಖ್ಯೆ ಏರಲಿಲ್ಲ. ಹೀಗಾಗಿ ಈಗ ಕೆಲವು ವರ್ಷ ಚೆನ್ನಾಗಿ ಹಿಡಿತದಲ್ಲಿರುವವರಿಗೆ ವೈದ್ಯರು ನಿಲ್ಲಿಸಿ ನೋಡುವ ಅವಕಾಶ ಕೊಡುತ್ತಾರೆ. ಮೊದಲ ಆರು ತಿಂಗಳು ತಿಂಗಳಿಗೊಂದು ಪಿಸಿಆರ್ ಮಾಡಿಸಬೇಕು, ಸಂಖ್ಯೆ 0.1 ದಾಟಿದರೆ ಮಾತ್ರೆ ಮತ್ತೆ ಶುರು.